ಮಠ ಮರವಾಗುವುದು ಹೇಗೆ? ಅಂಗಿಯ ಮೇಲಿನ ಕನ್ನಡ ಅಕ್ಷರದ ಚರಿತ್ರೆ

ಕನ್ನಡದಲ್ಲಿ ‘ಮರ’ಕ್ಕೂ ‘ಮಠ’ಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಚುಕ್ಕೆ. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಶಾಲೆಯಲ್ಲಿ ಮಾಸ್ತರು ‘ಹೊಟ್ಟೆ ಸೀಳಲಿಲ್ಲ’ ಎಂದು ಕಿವಿ ಹಿಂಡಿದ್ದು ನಿಮಗೂ ನೆನಪಿರಬಹುದು. ಹಾಳೆಯ ಮೇಲೆ ಈ ಚುಕ್ಕೆ, ಈ ಸೀಳು ಹಾಕುವುದು ಕಷ್ಟವಲ್ಲ. ಅದೇ ಅಕ್ಷರವನ್ನು ಟಿ-ಶರ್ಟಿನ ಮೇಲೆ ಸಣ್ಣದಾಗಿ ಅಚ್ಚು ಹಾಕಿಸಿ ನೋಡಿ. ಚುಕ್ಕೆ ಮಾಯವಾದರೆ ಮಠ ಹೋಗಿ ಮರ ಬರುತ್ತದೆ. ಚುಕ್ಕೆಯ ಸುತ್ತಲಿನ ಜಾಗದಲ್ಲಿ ಬಣ್ಣ ತುಂಬಿಕೊಂಡರೆ ಮಠವೂ ಇಲ್ಲ, ಮರವೂ ಇಲ್ಲ, ಒಂದು ಗುಂಡಗಿನ ಕಲೆ ಅಷ್ಟೇ.

ನಮ್ಮ ಕಡೆ ಕಬಡ್ಡಿ ಪಂದ್ಯ, ಜಾತ್ರೆ, ರಾಜ್ಯೋತ್ಸವ ಬಂತೆಂದರೆ ಹುಡುಗರು ಅಂಗಿಗೆ ಅಚ್ಚು ಹಾಕಿಸಲು ಓಡಾಡುತ್ತಾರೆ. ಆಗ ಪ್ರಿಂಟಿಂಗ್ ಅಂಗಡಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಕನ್ನಡ ಸಣ್ಣದಾಗಿ ಹಾಕಿದ್ರ ತುಂಬಿಕೋತೈತ್ರಿ, ಇಂಗ್ಲಿಷ್‌ನ್ಯಾಗ ಹಾಕೋಣು.” ಹೇಳುವವರು ಸುಳ್ಳು ಹೇಳುತ್ತಿಲ್ಲ. ತುಂಬಿಕೊಳ್ಳುವುದು ನಿಜ. ಆದರೆ ಅದಕ್ಕೆ ಕನ್ನಡವನ್ನು ಕೈಬಿಡಬೇಕೇ ಎಂಬುದು ಬೇರೆ ಪ್ರಶ್ನೆ. ಅಕ್ಷರ ಯಾಕೆ ತುಂಬಿಕೊಳ್ಳುತ್ತದೆ, ಎಷ್ಟು ದಪ್ಪದ ಗೆರೆ ನಿಲ್ಲುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಅಚ್ಚಿನ ಕೆಲಸ ಎಲ್ಲಿಂದ ಬಂತು ಎಂದು ನೋಡಬೇಕು. ಹಾಗೆ ನೋಡಿದರೆ ಕೊನೆಗೆ ಸಿಗುವ ಉತ್ತರ ಇಳಕಲ್ಲಿನ ನೇಕಾರರಿಗೆ ಗೊತ್ತಿರುವ ಉತ್ತರವೇ: ಎಲ್ಲ ಲೆಕ್ಕವೂ ನೂಲಿನದು.

ನಡುವಿನ ತುಂಡು ಉದುರುವ ಕಷ್ಟ

ಸ್ಕ್ರೀನ್ ಪ್ರಿಂಟಿಂಗ್‌ನ ಮುತ್ತಜ್ಜ ಎಂದರೆ ಕೊರೆದ ಅಚ್ಚು. ತಗಡಿನಲ್ಲೋ ದಪ್ಪ ಕಾಗದದಲ್ಲೋ ಅಕ್ಷರದ ಆಕಾರಕ್ಕೆ ರಂಧ್ರ ಕೊರೆದು, ಅದನ್ನು ಚೀಲದ ಮೇಲೋ ಡಬ್ಬದ ಮೇಲೋ ಇಟ್ಟು ಬಣ್ಣ ಬಳಿಯುವುದು. ಧಾನ್ಯದ ಚೀಲ, ಹತ್ತಿ ಅಂಡಿಗೆಗಳ ಮೇಲೆ ಇಂಥ ಗುರುತು ನೀವು ನೋಡಿರುತ್ತೀರಿ.

ಈ ಅಚ್ಚಿನಲ್ಲಿ ಒಂದು ಕಷ್ಟವಿದೆ. ತಗಡಿನಲ್ಲಿ ಸೊನ್ನೆ ಕೊರೆದು ನೋಡಿ. ಸುತ್ತ ಕತ್ತರಿಸಿದ ಕೂಡಲೇ ನಡುವಿನ ತುಂಡು ಕೆಳಗೆ ಬೀಳುತ್ತದೆ, ಸೊನ್ನೆಯ ಬದಲು ಒಂದು ದೊಡ್ಡ ತೂತು ಉಳಿಯುತ್ತದೆ. ಅದಕ್ಕೇ ಚೀಲದ ಮೇಲಿನ ಅಕ್ಷರಗಳಲ್ಲಿ ಅಲ್ಲಲ್ಲಿ ತುಂಡಾದ ಜಾಗ ಇರುತ್ತದೆ. ನಡುವಿನ ತುಂಡು ಬೀಳದಂತೆ ಹಿಡಿದಿಡಲು ಬಿಟ್ಟ ತಗಡಿನ ಪಟ್ಟಿ ಅದು. ಇಂಗ್ಲಿಷಿನ ಎಲ್, ಟಿ, ಇ ಅಕ್ಷರಗಳಿಗೆ ಇಂಥ ಪಟ್ಟಿ ಬೇಕಿಲ್ಲ, ಅವುಗಳಲ್ಲಿ ನಡುವಿನ ತುಂಡೇ ಇಲ್ಲ. ಕನ್ನಡದ ಹಣೆಬರಹ ಬೇರೆ. ನಮ್ಮ ಲಿಪಿಯಲ್ಲಿ ತಿರುವು, ಸುರುಳಿ, ಸೊನ್ನೆಗಳೇ ತುಂಬಿವೆ. ‘ಠ’ದಲ್ಲಂತೂ ಸೊನ್ನೆಯೊಳಗೆ ಚುಕ್ಕೆ. ಪಟ್ಟಿಗಳನ್ನು ಬಿಡುತ್ತಾ ಹೋದರೆ ಅಕ್ಷರವೇ ಚೂರುಚೂರು.

ಈ ಕಷ್ಟಕ್ಕೆ ಜಪಾನಿನ ಬಟ್ಟೆ ಬಣ್ಣಗಾರರು ಒಂದು ದಾರಿ ಕಂಡುಕೊಂಡಿದ್ದರು. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದಕ್ಕೆ ಕಾಯಿಯ ರಸ ಬಳಿದು ಗಟ್ಟಿ ಮಾಡಿ, ಅದರಲ್ಲಿ ಚಿತ್ತಾರ ಕೊರೆಯುತ್ತಿದ್ದರು. ಕಟಗಾಮಿ ಎಂದು ಆ ಅಚ್ಚಿಗೆ ಹೆಸರು. ಕಾಗದದ ಸಣ್ಣ ತುಂಡುಗಳು ಅಲುಗಾಡದಂತೆ, ಉದುರದಂತೆ ಎರಡು ಪದರಗಳ ನಡುವೆ ತೆಳುವಾದ ರೇಷ್ಮೆ ಎಳೆಗಳನ್ನು ಅಡ್ಡಡ್ಡ ಹಾಯಿಸುತ್ತಿದ್ದರು. ಎಳೆ ಎಷ್ಟು ತೆಳುವೆಂದರೆ ಬಣ್ಣ ಅದರ ಅಕ್ಕಪಕ್ಕದಿಂದ ಹರಿದು ಬಂದು ಕೂಡಿಕೊಳ್ಳುತ್ತಿತ್ತು, ಬಟ್ಟೆಯ ಮೇಲೆ ಎಳೆಯ ಗುರುತು ಉಳಿಯುತ್ತಿರಲಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ನ ಜೀವಾಳ ಇಲ್ಲೇ ಇದೆ. ನೂಲು ಅಚ್ಚನ್ನು ಹಿಡಿಯಬೇಕು, ಆದರೆ ಬಣ್ಣಕ್ಕೆ ಅಡ್ಡ ಬರಬಾರದು.

ಹಿಟ್ಟಿನ ಸಾಣಿಗೆಯಿಂದ ಅಚ್ಚಿನ ಚೌಕಟ್ಟಿಗೆ

ಅಲ್ಲೊಂದು ಇಲ್ಲೊಂದು ಎಳೆ ಹಾಯಿಸುವ ಬದಲು ಇಡೀ ಅಚ್ಚನ್ನು ಒಂದು ತೆಳು ಬಟ್ಟೆಗೇ ಅಂಟಿಸಿದರೆ? ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯಲ್ ಸೈಮನ್ ಎಂಬವರು 1907ರಲ್ಲಿ ರೇಷ್ಮೆ ಬಟ್ಟೆಯ ಅಚ್ಚಿಗೆ ಪೇಟೆಂಟ್ ಪಡೆದರು. ಮರದ ಚೌಕಟ್ಟಿಗೆ ರೇಷ್ಮೆಯನ್ನು ಬಿಗಿದು ಕಟ್ಟಿ, ಬೇಡದ ಜಾಗವನ್ನು ಮುಚ್ಚಿ, ಉಳಿದ ಜಾಗದಿಂದ ಬಣ್ಣ ಕೆಳಗಿಳಿಸುವ ವಿಧಾನ ಅದು.

ಆ ರೇಷ್ಮೆ ಹೊಸದಾಗಿ ನೇಯ್ದದ್ದೇನೂ ಅಲ್ಲ. ಯುರೋಪಿನ ಹಿಟ್ಟಿನ ಗಿರಣಿಗಳಲ್ಲಿ ಹಿಟ್ಟು ಸಾಣಿಸಲು ಬಳಸುತ್ತಿದ್ದ ಬಟ್ಟೆಯೇ ಇಲ್ಲಿಗೂ ಬಂತು. ಒಂದೇ ಅಳತೆಯ ಸಣ್ಣ ಕಣ್ಣು, ಜಾರದ ಎಳೆ, ಬಿಗಿ ನೇಯ್ಗೆ. ಹಿಟ್ಟಿಗೆ ಬೇಕಿದ್ದ ಗುಣವೇ ಬಣ್ಣಕ್ಕೂ ಬೇಕಿತ್ತು. ಇಂಗ್ಲಿಷಿನಲ್ಲಿ ಹಿಟ್ಟು ಸಾಣಿಸುವ ಬಟ್ಟೆಗೆ ‘ಬೋಲ್ಟಿಂಗ್ ಕ್ಲಾತ್’ ಎನ್ನುತ್ತಾರೆ. ಇವತ್ತಿಗೂ ಪ್ರಿಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಅದೇ ಹೆಸರು ಹೇಳಿ ಬಟ್ಟೆ ಕೇಳುತ್ತಾರೆ. ರೇಷ್ಮೆ ಹೋಗಿ ಪಾಲಿಯೆಸ್ಟರ್ ಬಂತು, ಹಿಟ್ಟಿನ ಹೆಸರು ಮಾತ್ರ ಉಳಿಯಿತು.

ಸಾಣಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ತೆಳು ಗೆರೆ ಯಾಕೆ ಕೈಕೊಡುತ್ತದೆ ಎಂಬುದು ಬೇಗ ತಿಳಿಯುತ್ತದೆ. ಸಾಣಿಗೆಯಲ್ಲಿ ಎರಡು ವಸ್ತುಗಳಿವೆ, ತಂತಿ ಮತ್ತು ಕಣ್ಣು. ಸ್ಕ್ರೀನಿನಲ್ಲಿಯೂ ಅಷ್ಟೇ, ಎಳೆ ಮತ್ತು ಕಣ್ಣು. ಬಣ್ಣ ಇಳಿಯುವುದು ಕಣ್ಣಿನಿಂದ ಮಾತ್ರ. ಟಿ-ಶರ್ಟಿಗೆ ಹೆಚ್ಚಾಗಿ ಬಳಸುವ ಬಟ್ಟೆಯಲ್ಲಿ ಒಂದು ಸೆಂಟಿಮೀಟರಿಗೆ 43 ಎಳೆ ಇರುತ್ತವೆ. ಒಂದು ಎಳೆಯ ದಪ್ಪ 0.08 ಮಿಲಿಮೀಟರ್, ಎರಡು ಎಳೆಗಳ ನಡುವಿನ ಕಣ್ಣು ಸುಮಾರು 0.15 ಮಿಲಿಮೀಟರ್. ನಿಮ್ಮ ಅಕ್ಷರದ ಗೆರೆ ಒಂದು ಎಳೆಯಷ್ಟೇ ತೆಳುವಾಗಿದ್ದರೆ, ಅದು ಸರಿಯಾಗಿ ಎಳೆಯ ಮೇಲೆಯೇ ಬಂದು ಕೂತು ಬಣ್ಣಕ್ಕೆ ದಾರಿಯೇ ಇಲ್ಲದಂತಾಗಬಹುದು. ಗೆರೆ ಎಲ್ಲಿ ಬಿದ್ದರೂ ಅದಕ್ಕೆ ಒಂದು ಪೂರ್ತಿ ಕಣ್ಣು ಸಿಗಬೇಕಾದರೆ ಕಣ್ಣು ಒಂದು, ಅದರ ಎರಡೂ ಬದಿಯ ಎಳೆ ಒಂದೊಂದು, ಇಷ್ಟು ಅಗಲವಾದರೂ ಬೇಕು. ಕೂಡಿಸಿ ನೋಡಿ: 0.08, 0.15, 0.08. ಒಟ್ಟು ಸುಮಾರು 0.3 ಮಿಲಿಮೀಟರ್. ಈ ಬಟ್ಟೆಯಲ್ಲಿ ಅದಕ್ಕಿಂತ ತೆಳುವಾದ ಗೆರೆಯನ್ನು ನಂಬುವಂತಿಲ್ಲ.

ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಳಕಲ್ ಸೀರೆಯ ಮೇಲೆ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ ಮೂಡಿಸುವಾಗ ಅವರು ಬಟ್ಟೆಯ ಎಳೆ ಎಣಿಸುತ್ತಾರೆ. ಎಳೆಗಿಂತ ಸಣ್ಣ ಹೆಜ್ಜೆ ಸೂಜಿಗೆ ಇಲ್ಲ. ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಅದಕ್ಕೇ. ಅವರು ಚಿತ್ತಾರವನ್ನು ಎಳೆಗೆ ತಕ್ಕಂತೆ ಕಟ್ಟಿದರು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ನಾವು ಎಲ್ಲೋ ಬರೆದ ಅಕ್ಷರವನ್ನು ತಂದು, ಎಳೆ ಅದಕ್ಕೆ ಹೊಂದಿಕೊಳ್ಳಲಿ ಎಂದು ಬಯಸುತ್ತೇವೆ.

ಬೆಳಕು ಕೊರೆದ ಅಚ್ಚು

ಮೊದಮೊದಲು ರೇಷ್ಮೆಯ ಮೇಲೆ ಕುಂಚದಿಂದ ಅಂಟು ಬಳಿದು, ಇಲ್ಲವೇ ಕತ್ತರಿಸಿದ ಕಾಗದ ಅಂಟಿಸಿ ಅಚ್ಚು ಮಾಡುತ್ತಿದ್ದರು. ಅದರಲ್ಲಿ ‘ಕ್ಷ್ಮಿ’ಯಂಥ ಅಕ್ಷರ ತೆಗೆಯುವುದು ಕೈಗುಣದ ಮಾತು. ಆ ಕಷ್ಟ ತಪ್ಪಿಸಿದ್ದು ಬೆಳಕು.

ಸ್ಕಾಟ್ಲೆಂಡಿನ ಮಂಗೋ ಪಾಂಟನ್ ಎಂಬವರು 1839ರಲ್ಲಿಯೇ ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ಲವಣ ಸವರಿದ ಕಾಗದ ಬಿಸಿಲಿಗೆ ಬದಲಾಗುವುದನ್ನು ಗುರುತಿಸಿದ್ದರು. ಮುಂದೆ, ಅದೇ ಲವಣವನ್ನು ಅಂಟಿನೊಳಗೆ ಬೆರೆಸಿದರೆ ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ, ನೀರಿಗೆ ಕರಗುವುದಿಲ್ಲ ಎಂಬುದು ತಿಳಿಯಿತು. 1910ರ ದಶಕದಲ್ಲಿ ಅಮೆರಿಕದ ಅಚ್ಚುಗಾರರು ಈ ಗುಣವನ್ನು ಸ್ಕ್ರೀನಿಗೆ ತಂದರು. ಇಂದು ಊರೂರಿನ ಮದುವೆ ಕಾರ್ಡಿನ ಅಂಗಡಿಗಳಲ್ಲಿ ನಡೆಯುವುದೂ ಇದೇ ಕೆಲಸ. ಬಟ್ಟೆಗೆ ಅಂಟಿನ ಲೇಪ ಬಳಿದು ಕತ್ತಲಲ್ಲಿ ಒಣಗಿಸುತ್ತಾರೆ. ಅದರ ಮೇಲೆ ಕಪ್ಪು ಅಕ್ಷರವಿರುವ ಟ್ರೇಸಿಂಗ್ ಹಾಳೆ, ಅದರ ಮೇಲೆ ಗಾಜು ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಕಪ್ಪು ಅಕ್ಷರದ ಕೆಳಗೆ ಬೆಳಕು ಬೀಳುವುದಿಲ್ಲ, ಅಲ್ಲಿನ ಅಂಟು ಹಸಿಯಾಗಿಯೇ ಉಳಿದು ನೀರು ಹಾಕಿದಾಗ ತೊಳೆದುಹೋಗುತ್ತದೆ. ಅಕ್ಷರದ ಆಕಾರಕ್ಕೆ ದಾರಿ ತೆರೆಯುತ್ತದೆ.

ಈಗ ‘ಠ’ವನ್ನು ಈ ದಾರಿಯಲ್ಲಿ ಕಳಿಸೋಣ. ಹೊರಗಿನ ಸೊನ್ನೆ ತೆರೆಯಬೇಕು, ನಡುವಿನ ಚುಕ್ಕೆಯೂ ತೆರೆಯಬೇಕು. ಎರಡರ ನಡುವೆ ಅಂಟಿನ ಒಂದು ಸಣ್ಣ ಬಳೆ ಮಾತ್ರ ಉಳಿಯಬೇಕು. ಬೆಳಕು ಹೆಚ್ಚಾದರೆ ಅದು ಕಪ್ಪಿನ ಅಂಚಿನ ಕೆಳಗೂ ನುಸುಳಿ ಚುಕ್ಕೆಯ ಜಾಗವನ್ನೂ ಗಟ್ಟಿ ಮಾಡುತ್ತದೆ. ಚುಕ್ಕೆ ತೆರೆಯುವುದೇ ಇಲ್ಲ. ಮಠ ಮರವಾಗುವುದು ಹೀಗೆ. ಬೆಳಕು ಕಡಿಮೆಯಾದರೆ ಅಂಟಿನ ಬಳೆ ಅರೆಬೆಂದ ರೊಟ್ಟಿಯಂತೆ ಮೆತ್ತಗೆ ಉಳಿದು ನೀರಿನ ಹೊಡೆತಕ್ಕೆ ಎದ್ದುಹೋಗುತ್ತದೆ. ಆಗ ಸೊನ್ನೆ, ಚುಕ್ಕೆ ಎಲ್ಲ ಸೇರಿ ಒಂದೇ ತೂತು. ಹಳೆಯ ತಗಡಿನ ಅಚ್ಚಿನಲ್ಲಿ ನಡುವಿನ ತುಂಡು ಉದುರುತ್ತಿತ್ತಲ್ಲ, ಅದೇ ಕಷ್ಟ ಹೊಸ ವೇಷದಲ್ಲಿ ಬಂದಂತೆ.

ಒಳ್ಳೆಯ ಸ್ಕ್ರೀನ್ ಬಟ್ಟೆಗೆ ಹಳದಿ ಬಣ್ಣ ಕೊಡುವುದಕ್ಕೂ ಇದೇ ಕಾರಣ. ಬಿಳಿ ಎಳೆಗೆ ಬೆಳಕು ಬಿದ್ದರೆ ಅದು ಪಕ್ಕಕ್ಕೆ ಚೆದುರಿ, ಮುಚ್ಚಿಟ್ಟ ಅಕ್ಷರದ ಕೆಳಗೂ ಹೋಗುತ್ತದೆ. ಹಳದಿ ಎಳೆ ಅಂಟನ್ನು ಗಟ್ಟಿ ಮಾಡುವ ಬೆಳಕನ್ನು ನುಂಗಿಕೊಳ್ಳುತ್ತದೆ, ಅಕ್ಷರದ ಅಂಚು ಚೊಕ್ಕಾಗಿ ಉಳಿಯುತ್ತದೆ.

ಇಂಗ್ಲಿಷ್ ಅಕ್ಷರಕ್ಕೆ ಹೊಲಿದ ಅಳತೆ

ಟಿ-ಶರ್ಟ್ ಮೊದಲು ಒಳ ಅಂಗಿ. ಅದರ ಮೇಲೆ ಅಕ್ಷರ ಹಾಕಿ ಹೊರಗೆ ಹಾಕಿಕೊಳ್ಳುವ ರೂಢಿ ಅಮೆರಿಕದಲ್ಲಿ ಬೆಳೆಯಿತು. 1942ರ ಜುಲೈ 13ರ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ವಾಯುಪಡೆಯ ಬಂದೂಕು ತರಬೇತಿ ಶಾಲೆಯ ಹೆಸರಿದ್ದ ಅಂಗಿ ತೊಟ್ಟ ಸೈನಿಕನ ಚಿತ್ರವಿದೆ. 1948ರ ಅಧ್ಯಕ್ಷ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಪರ ಪ್ರಚಾರದ ಮಾತು ಅಚ್ಚಾದ ಅಂಗಿಯೊಂದು ಅಲ್ಲಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅಂಗಿಯ ಮೇಲೆ ಎಷ್ಟು ಸಣ್ಣ ಅಕ್ಷರ ನಿಲ್ಲುತ್ತದೆ, ಎಷ್ಟು ತೆಳು ಗೆರೆ ನಿಲ್ಲುತ್ತದೆ ಎಂಬ ವಾಡಿಕೆಗಳೆಲ್ಲ ಆ ಲಿಪಿಯ ಮೇಲೆ ಬೆಳೆದವು. ಗೆರೆ ಒಂದು ಪಾಯಿಂಟ್, ಅಂದರೆ ಸುಮಾರು 0.35 ಮಿಲಿಮೀಟರ್ ಇರಲಿ, ಗೆರೆಗಳ ನಡುವಿನ ಖಾಲಿ ಜಾಗ ಅದರ ಎರಡರಷ್ಟು ಇರಲಿ ಎಂಬುದು ಅಚ್ಚುಗಾರರ ಸಾಮಾನ್ಯ ಮಾತು.

ಆ ಮಾತು ತಪ್ಪಲ್ಲ. ಆದರೆ ಅದನ್ನು ಕನ್ನಡಕ್ಕೆ ಹಚ್ಚುವಾಗ ಒಂದು ಸಂಗತಿ ಮರೆತುಹೋಗುತ್ತದೆ. ಹತ್ತು ಮಿಲಿಮೀಟರ್ ಎತ್ತರದ ಸಾಲು ಕೊಟ್ಟರೆ ಇಂಗ್ಲಿಷಿನ ದೊಡ್ಡಕ್ಷರ ಆ ಹತ್ತನ್ನೂ ತಾನೇ ತೆಗೆದುಕೊಳ್ಳುತ್ತದೆ. ಕನ್ನಡದ ಸಾಲು ಅಟ್ಟ ಇರುವ ಮನೆಯಂತೆ. ಮೇಲೆ ತಲೆಕಟ್ಟು, ಗುಡಿಸು, ಏತ್ವ. ನಡುವೆ ಅಕ್ಷರದ ಮೈ. ಕೆಳಗೆ ಒತ್ತಕ್ಷರ. ಅದೇ ಹತ್ತು ಮಿಲಿಮೀಟರಿನಲ್ಲಿ ಇಷ್ಟೂ ಜನ ಇರಬೇಕಾದರೆ ಅಕ್ಷರದ ಮೈಗೆ ಸಿಗುವುದು ಐದಾರು ಮಿಲಿಮೀಟರ್. ಒತ್ತಕ್ಷರಕ್ಕೆ ಅದಕ್ಕಿಂತಲೂ ಕಡಿಮೆ. ಹೊರಗಿನಿಂದ ನೋಡಿದವರಿಗೆ ಎರಡೂ ಸಾಲು ಒಂದೇ ಗಾತ್ರ. ಒಳಗೆ ಕನ್ನಡದ ಗೆರೆ, ಸಂದು ಎಲ್ಲ ಅರ್ಧಕ್ಕೆ ಇಳಿದಿರುತ್ತವೆ. ‘ಕನ್ನಡ ತುಂಬಿಕೊಳ್ಳುತ್ತದೆ’ ಎಂಬ ಮಾತಿನ ಹಿಂದಿರುವುದು ಇಷ್ಟೇ. ಇಂಗ್ಲಿಷನ್ನೂ ಅರ್ಧ ಗಾತ್ರಕ್ಕೆ ಇಳಿಸಿದರೆ ಅದೂ ತುಂಬಿಕೊಳ್ಳುತ್ತದೆ.

ಕಾಗದದ ಅಚ್ಚು ಈ ಸಮಸ್ಯೆಯನ್ನು ಎಂದೋ ದಾಟಿತ್ತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂತು. ಕಲ್ಲಚ್ಚಿನಲ್ಲಿ ಕಲ್ಲಿನ ಮೇಲೆ ಬರೆದದ್ದೇ ಕಾಗದಕ್ಕೆ ಇಳಿಯುತ್ತದೆ, ನಡುವೆ ಎಳೆಯೂ ಇಲ್ಲ, ಕಣ್ಣೂ ಇಲ್ಲ. ತೆಳು ಗೆರೆ ತೆಳುವಾಗಿಯೇ ಬರುತ್ತದೆ. ಮುಂದೆ ಕಂಪ್ಯೂಟರ್ ಬಂದು ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ, ಶ್ರೀಲಿಪಿಗಳ ಅಕ್ಷರಗಳು ಬಳಕೆಯಾದವು. ಅವುಗಳಲ್ಲಿ ಪುಸ್ತಕ, ಪತ್ರಿಕೆ, ಅರ್ಜಿಗೆಂದು ಮಾಡಿದ ಅಕ್ಷರಗಳೇ ಹೆಚ್ಚು. ಒಂದು ಕಡೆ ದಪ್ಪ, ತಿರುವಿನಲ್ಲಿ ತೆಳು. ಕಾಗದದ ಮೇಲೆ ಅದು ಕಣ್ಣಿಗೆ ಹಿತ. ಅಂಗಿಯ ಮೇಲೆ ಮೊದಲು ಹೋಗುವುದೇ ಆ ತೆಳು ತಿರುವು.

ಅಂಗಿಯ ಬಟ್ಟೆಯೂ ಕಾಗದದಂತಲ್ಲ. ಇಳಕಲ್ ಸೀರೆ ಹಾಸು-ಹೊಕ್ಕಿನ ನೇಯ್ಗೆ. ಟಿ-ಶರ್ಟ್ ಹೆಣೆದ ಬಟ್ಟೆ, ಸ್ವೆಟರಿನಂತೆ ಕುಣಿಕೆಯೊಳಗೆ ಕುಣಿಕೆ. ಹತ್ತಿರದಿಂದ ನೋಡಿದರೆ ಸಾಲು ಸಾಲು ದಿಬ್ಬ, ನಡುವೆ ಹಳ್ಳ. ಒಂದೊಂದು ಕುಣಿಕೆಯೂ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಅಗಲ. ಬಣ್ಣ ಬಿದ್ದ ಕೂಡಲೇ ನೂಲಿನ ಗುಂಟ ಸ್ವಲ್ಪ ಹರಡುತ್ತದೆ. ಗೆರೆಯ ಪ್ರತಿ ಅಂಚಿಗೂ 0.2 ಮಿಲಿಮೀಟರ್‌ನಷ್ಟು ಹರಡುವಿಕೆ ಹಿಡಿದರೆ ಲೆಕ್ಕ ಸುರಕ್ಷಿತ. ಹೀಗೆ ಹರಡಿದಾಗ ಗೆರೆ ದಪ್ಪವಾಗುತ್ತದೆ, ಸಂದು ಕಿರಿದಾಗುತ್ತದೆ. ಸಂದಿಗೆ ಎರಡೂ ಕಡೆಯಿಂದ ಬಣ್ಣ ನುಗ್ಗುವುದರಿಂದ ಅದರ ನಷ್ಟ 0.4 ಮಿಲಿಮೀಟರ್. ಖಾಲಿ ಜಾಗ ಗೆರೆಗಿಂತ ಅಗಲವಿರಬೇಕು ಎಂಬ ವಾಡಿಕೆಯ ಕಾರಣ ಇದೇ.

ಒಂದು ಕಬಡ್ಡಿ ಅಂಗಿಯ ಲೆಕ್ಕ

ಒಂದು ತಂಡದವರು ಹನ್ನೆರಡು ಅಂಗಿ ಮಾಡಿಸುತ್ತಾರೆ ಎಂದಿಟ್ಟುಕೊಳ್ಳಿ. ಎಡ ಎದೆಯ ಮೇಲೆ ಜೇಬಿನಷ್ಟು ಜಾಗ, 80 ಮಿಲಿಮೀಟರ್ ಅಗಲ. ಅಲ್ಲಿ ಅವರಿಗೆ ‘ಮಠದ ಓಣಿ’ ಎಂದೂ, ‘ಕಬಡ್ಡಿ ಸ್ಪರ್ಧೆ’ ಎಂದೂ, ಕೆಳಗೆ ಒಂದು ಫೋನ್ ನಂಬರೂ ಬೇಕು. ಮೂರು ಸಾಲು ಕೂಡಿಸಲು ಅಕ್ಷರದ ಮೈಯನ್ನು 4 ಮಿಲಿಮೀಟರಿಗೆ ಇಳಿಸಿದರು. ಸಣ್ಣದಾಯಿತು, ಕಾಣಲಿ ಎಂದು ದಪ್ಪ ಅಕ್ಷರ ಆರಿಸಿದರು. ಹೆಚ್ಚಿನ ಕಡೆ ಆಗುವುದು ಹೀಗೆಯೇ.

‘ಮಠ’ದ ಠ ನೋಡೋಣ. ಮೈ 4, ಗೆರೆಯ ದಪ್ಪ 0.8. ಎರಡೂ ಬದಿಯ ಗೆರೆ ಕಳೆದರೆ ಒಳಗಿನ ಜಾಗ 2.4. ಅದರ ನಡುವೆ 1.4ರ ಚುಕ್ಕೆ. ಉಳಿದ 1 ಮಿಲಿಮೀಟರನ್ನು ಎರಡು ಕಡೆಗೆ ಹಂಚಿದರೆ ಚುಕ್ಕೆಯ ಸುತ್ತಲಿನ ಸಂದು 0.5. ಬಣ್ಣ ಹರಡಿ 0.4 ನುಂಗಿದರೆ ಉಳಿಯುವುದು 0.1. ಅಷ್ಟು ಜಾಗ ಬಟ್ಟೆಯ ಮೇಲೆ ಇದ್ದೂ ಇಲ್ಲದಂತೆ. ಠ ಗುಂಡಾಯಿತು.

ಹಾಗಾದರೆ ತೆಳು ಅಕ್ಷರ ಹಾಕೋಣವೇ? ಅದೇ 4 ಮಿಲಿಮೀಟರಿನಲ್ಲಿ ಗೆರೆ 0.4, ಚುಕ್ಕೆ 0.8 ಇಟ್ಟರೆ ಸಂದು 1.2 ಆಗುತ್ತದೆ. ಬಣ್ಣ ಹರಡಿದ ಮೇಲೂ 0.8 ಉಳಿಯುತ್ತದೆ, ಚುಕ್ಕೆ ಚೆನ್ನಾಗಿ ಕಾಣುತ್ತದೆ. ಆದರೆ ಪುಸ್ತಕದ ಅಕ್ಷರವಾದರೆ ತಿರುವಿನಲ್ಲಿ ಗೆರೆ 0.25ಕ್ಕೆ ಇಳಿದಿರುತ್ತದೆ. ನಾವು ಮೇಲೆ ಕೂಡಿಸಿದ 0.3ಕ್ಕಿಂತ ಅದು ಕಡಿಮೆ. ತಿರುವು ಅಲ್ಲಲ್ಲಿ ಹರಿದು ಬರುತ್ತದೆ. ದಪ್ಪ ಮಾಡಿದರೆ ತುಂಬಿಕೊಳ್ಳುತ್ತದೆ, ತೆಳು ಮಾಡಿದರೆ ಹರಿಯುತ್ತದೆ. ಈ ಇಕ್ಕಟ್ಟಿಗೆ ಅಕ್ಷರದ ಶೈಲಿ ಬದಲಿಸುವುದಷ್ಟೇ ಪರಿಹಾರವಲ್ಲ. ಗಾತ್ರ ಬದಲಿಸಬೇಕು.

ಫೋನ್ ನಂಬರಿನ ಸಾಲು ತೆಗೆದುಹಾಕಿ, ಮೈಯನ್ನು 6 ಮಿಲಿಮೀಟರಿಗೆ ಏರಿಸಿದರೆ ಎಲ್ಲ ಅಳತೆಯೂ ಒಂದೂವರೆ ಪಟ್ಟಾಗುತ್ತದೆ. ಅದೇ ತೆಳು ಅಕ್ಷರದ ಗೆರೆ 0.6, ತಿರುವು 0.37, ಸಂದು 1.8. ಎಲ್ಲವೂ ದಾಟಿತು. ‘ಮಠದ ಓಣಿ’ ಐದು ಅಕ್ಷರ, ‘ಕಬಡ್ಡಿ ಸ್ಪರ್ಧೆ’ಯೂ ಐದು. ಅಕ್ಷರಕ್ಕೆ ಎಂಟೊಂಬತ್ತು ಮಿಲಿಮೀಟರ್ ಅಗಲ, ಪದಗಳ ನಡುವೆ ಜಾಗ ಬಿಟ್ಟರೂ ಒಂದೊಂದು ಸಾಲು 80ರೊಳಗೆ ಕೂಡುತ್ತದೆ.

ಇನ್ನು ಉಳಿದದ್ದು ಒತ್ತಕ್ಷರ. ‘ಡ್ಡಿ’ಯ ಕೆಳಗಿನ ಡ, ‘ಸ್ಪ’ದ ಕೆಳಗಿನ ಪ ಮೈಗಿಂತ ಸಣ್ಣವು. ಮೈಯ ಐದರಲ್ಲಿ ಮೂರು ಪಾಲು ಎಂದು ಹಿಡಿದರೆ, ಗೆರೆಯೂ ಅದೇ ಪ್ರಮಾಣದಲ್ಲಿ ಇಳಿಯುವ ಅಕ್ಷರಗಳಲ್ಲಿ ತಿರುವು 0.22ಕ್ಕೆ ಬರುತ್ತದೆ. ಅದು ನಿಲ್ಲುವುದಿಲ್ಲ. ಅದಕ್ಕೆ ಅಂಗಡಿಯವರು ಕಂಪ್ಯೂಟರಿನಲ್ಲಿ ಪದವನ್ನು ಚಿತ್ರವಾಗಿ ಒಡೆದು, ಒತ್ತಕ್ಷರಕ್ಕೆ ಮಾತ್ರ ಸುತ್ತಲೂ ತೆಳು ಅಂಚು ಕೊಟ್ಟು ಗೆರೆಯನ್ನು 0.4ರ ಹತ್ತಿರ ತರಬೇಕು. ಇಡೀ ಪದಕ್ಕೆ ಅಂಚು ಕೊಟ್ಟರೆ ಠದ ಸಂದು ಮತ್ತೆ ಕಿರಿದಾಗುತ್ತದೆ. ‘ರ್ಧೆ’ಯ ಧಕ್ಕೆ ಹೊಟ್ಟೆಯ ಸೀಳು ಉಳಿದಿದೆಯೇ, ಪಕ್ಕದ ಅರ್ಕಾವೊತ್ತು ಮೈಗೆ ಅಂಟಿಕೊಂಡಿಲ್ಲವೇ ಎಂದು ನೋಡಿ, ಅಂಟಿದ್ದರೆ ಸ್ವಲ್ಪ ಬಲಕ್ಕೆ ಸರಿಸಬೇಕು. ಸೀಳು ಹೋದರೆ ಅದು ‘ಸ್ಪರ್ದೆ’ ಆಗುತ್ತದೆ, ಊರ ಮುಂದೆ ಮಾನ ಹೋಗುವುದು ತಂಡದವರದು.

ಎಳೆ ಹೆಚ್ಚಿರುವ ಬಟ್ಟೆ ಬಳಸಿದರೆ ಇನ್ನೂ ಸಣ್ಣದು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಬರುತ್ತದೆ. ಸೆಂಟಿಮೀಟರಿಗೆ 77 ಎಳೆಯ ಬಟ್ಟೆಯಲ್ಲಿ ಎಳೆ 0.055, ಕಣ್ಣು ಸುಮಾರು 0.07. ಅದೇ ಲೆಕ್ಕದಲ್ಲಿ 0.18ರ ಗೆರೆಯೂ ನಿಲ್ಲಬೇಕು. ಆದರೆ ಕಣ್ಣು ಸಣ್ಣದಾದಂತೆ ಇಳಿಯುವ ಬಣ್ಣವೂ ಕಡಿಮೆ. ಬಿಳಿ ಅಂಗಿಯ ಮೇಲೆ ಕಪ್ಪು ಅಕ್ಷರಕ್ಕೆ ಅದು ಸಾಕು. ಕಡು ನೀಲಿ ಅಂಗಿಯ ಮೇಲೆ ಬಿಳಿ ಅಕ್ಷರವಾದರೆ ಬಣ್ಣ ಮುಚ್ಚುವುದಿಲ್ಲ, ಒಂದರ ಮೇಲೊಂದು ಎರಡು ಸಲ ಎಳೆಯಬೇಕಾಗುತ್ತದೆ. ಎರಡನೇ ಸಲ ಅಚ್ಚು ಕೂದಲೆಳೆಯಷ್ಟು ಸರಿದರೂ ಸಂದು ಮುಚ್ಚುತ್ತದೆ. ಕಡು ಬಣ್ಣದ ಅಂಗಿಗೆ ದೊಡ್ಡ ಅಕ್ಷರವೇ ಗತಿ.

ತಪ್ಪು ಸ್ಕ್ರೀನಿನದೋ, ಕೈಯದೋ

ಅಕ್ಷರ ಕೆಟ್ಟಾಗ ದೂರು ಹೇಳುವ ಮೊದಲು ತಪ್ಪು ಎಲ್ಲಿದೆ ಎಂದು ತಿಳಿಯಬಹುದು. ಸ್ಕ್ರೀನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಠದ ಚುಕ್ಕೆಯಿಂದ ಬೆಳಕು ಬಾರದಿದ್ದರೆ ಅದು ತೆರೆದೇ ಇಲ್ಲ. ಬೆಳಕಿಗೆ ಹಿಡಿದದ್ದು ಹೆಚ್ಚಾಗಿದೆ, ಇಲ್ಲವೇ ಟ್ರೇಸಿಂಗ್ ಹಾಳೆಯ ಕಪ್ಪು ಸಾಲದು, ಇಲ್ಲವೇ ಹಾಳೆ ಬಟ್ಟೆಗೆ ಬಿಗಿಯಾಗಿ ಕೂತಿರಲಿಲ್ಲ. ಚುಕ್ಕೆ, ಸೊನ್ನೆ ಒಂದೇ ತೂತಾಗಿದ್ದರೆ ಅಂಟಿನ ಬಳೆ ತೊಳೆದುಹೋಗಿದೆ. ಎರಡಕ್ಕೂ ಸ್ಕ್ರೀನನ್ನೇ ಮತ್ತೆ ಮಾಡಬೇಕು, ಬಣ್ಣ ಬದಲಿಸಿ ಫಲವಿಲ್ಲ.

ಸ್ಕ್ರೀನ್ ಚೊಕ್ಕಾಗಿದ್ದು ಮೊದಲ ಅಂಗಿ ಚೆನ್ನಾಗಿ ಬಂದು, ಐದನೆಯದೋ ಆರನೆಯದೋ ತುಂಬಿಕೊಂಡರೆ ಸ್ಕ್ರೀನಿನ ಅಡಿಯಲ್ಲಿ ಬಣ್ಣ ಕೂಡಿದೆ ಎಂದರ್ಥ. ಅಡಿಯನ್ನು ಒರೆಸಬೇಕು. ಸ್ಕ್ರೀನ್ ಅಂಗಿಗೆ ಅಂಟಿಕೊಂಡೇ ಇದ್ದರೂ ಹೀಗಾಗುತ್ತದೆ. ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿದ್ದರೆ, ಬಣ್ಣ ಎಳೆದ ಹಿಂದೆಯೇ ಬಟ್ಟೆ ಚಿಮ್ಮಿ ಮೇಲೇಳುತ್ತದೆ, ಅಂಚು ಚೂಪಾಗಿ ಉಳಿಯುತ್ತದೆ. ಬಣ್ಣ ಎಳೆಯುವ ರಬ್ಬರ್ ಪಟ್ಟಿಯ ಅಂಚು ಸವೆದು ದುಂಡಗಾಗಿದ್ದರೆ ಅದು ಬಣ್ಣವನ್ನು ಕತ್ತರಿಸುವ ಬದಲು ಒಳಕ್ಕೆ ಒತ್ತುತ್ತದೆ, ಆಗಲೂ ಸಂದುಗಳು ಮುಚ್ಚುತ್ತವೆ.

ಇದಕ್ಕೆ ತಿರುಗುಮುರುಗಾಗಿ, ಮೊದಲು ಬಂದ ತೆಳು ಗೆರೆ ಆಮೇಲೆ ಮಾಯವಾಗುತ್ತ ಹೋದರೆ ನೀರು ಬೆರೆಸುವ ಬಣ್ಣ ಕಣ್ಣಿನೊಳಗೇ ಒಣಗುತ್ತಿದೆ. ನಮ್ಮ ಕಡೆಯ ಬೇಸಿಗೆಯಲ್ಲಿ, ಫ್ಯಾನಿನ ಗಾಳಿಯಡಿ ಇದು ಬೇಗ ಆಗುತ್ತದೆ. ಮೊದಲು ಕಟ್ಟಿಕೊಳ್ಳುವುದು ಸಣ್ಣ ದಾರಿಗಳು, ಅಂದರೆ ಠದ ಚುಕ್ಕೆ, ಧದ ಸೀಳು, ಒತ್ತಕ್ಷರದ ತಿರುವು. ದೊಡ್ಡಕ್ಷರ ಚೆನ್ನಾಗಿಯೇ ಬರುತ್ತಿರುವುದರಿಂದ ಎಳೆಯುವವರಿಗೆ ಗೊತ್ತೇ ಆಗುವುದಿಲ್ಲ. ಹನ್ನೆರಡು ಅಂಗಿಯಲ್ಲಿ ಏಳು ‘ಮಠ’, ಐದು ‘ಮರ’ ಆಗುವುದು ಹೀಗೆ.

ಅಚ್ಚಿಗೆ ಕೊಡುವ ಮೊದಲು ಮಾಡಬೇಕಾದ ಕೆಲಸ ಒಂದೇ. ಅಂಗಡಿಯವರನ್ನು ಕೇಳಿ, ಅಕ್ಷರಗಳನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿಕೊಳ್ಳಿ. ಫೋನಿನ ಪರದೆಯಲ್ಲಿ ನೋಡಿ ಒಪ್ಪಬೇಡಿ, ಅಲ್ಲಿ ಬೆರಳಿನಿಂದ ಹಿಗ್ಗಿಸಿದರೆ ಎಲ್ಲವೂ ದೊಡ್ಡದೇ. ಮಕ್ಕಳ ಪೆನ್-ಪೆನ್ಸಿಲ್ಲಿಗೆ ಹಾಕುವ ಸೀಸದ ಕಡ್ಡಿ 0.5 ಮತ್ತು 0.7 ಮಿಲಿಮೀಟರಿನಲ್ಲಿ ಸಿಗುತ್ತದೆ, ಡಬ್ಬಿಯ ಮೇಲೆ ಅಳತೆ ಬರೆದಿರುತ್ತದೆ. 0.7ರ ಕಡ್ಡಿಯನ್ನು ಅಕ್ಷರದ ಸಂದಿಗೆ ಹಿಡಿಯಿರಿ. ಸಂದು ಕಡ್ಡಿಗಿಂತ ಕಿರಿದಾಗಿದ್ದರೆ ಅದು ಅಂಗಿಯ ಮೇಲೆ ಮುಚ್ಚುವ ಭಯವಿದೆ. ಗೆರೆಗೆ 0.5ರ ಕಡ್ಡಿ ಹಿಡಿಯಿರಿ. ಗೆರೆ ಅದರ ಅರ್ಧದಷ್ಟೇ ಇದ್ದರೆ ಹರಿದು ಬರುತ್ತದೆ. ಎರಡರಲ್ಲಿ ಯಾವುದು ಕಂಡರೂ ಗಾತ್ರ ಏರಿಸಿ, ಇಲ್ಲವೇ ಒಂದು ಸಾಲು ಕಡಿಮೆ ಮಾಡಿ.

ಸೀರೆಯ ದಡಿಗೆ ಎಷ್ಟು ಎಳೆ, ಸೆರಗಿಗೆ ಎಷ್ಟು ಎಳೆ ಎಂದು ಎಣಿಸಿಯೇ ಮಗ್ಗಕ್ಕೆ ಕೂರುವ ಊರು ಇಳಕಲ್. ಎಣಿಸದೆ ಕೂತರೆ ಚಿತ್ತಾರ ಬರುವುದಿಲ್ಲ ಎಂಬುದು ಇಲ್ಲಿ ಯಾರಿಗೂ ಹೊಸದಲ್ಲ. ಅಂಗಿಯ ಮೇಲಿನ ಅಕ್ಷರಕ್ಕೂ ಅದೇ ಎಣಿಕೆ ಬೇಕು. ಮುಂದಿನ ಸಲ ಯಾರಾದರೂ ಕನ್ನಡ ಸಣ್ಣದಾಗಿ ಬರುವುದಿಲ್ಲ ಎಂದರೆ, ಎಷ್ಟು ಸಣ್ಣದು ಎಂದು ಕೇಳಿ ಸೀಸದ ಕಡ್ಡಿ ಮುಂದಿಡಿ. ಠದ ಚುಕ್ಕೆಯ ಸುತ್ತ ಆ ಕಡ್ಡಿ ಆಡುವಷ್ಟು ಜಾಗವಿದ್ದರೆ ಮಠ ಮಠವಾಗಿಯೇ ಉಳಿಯುತ್ತದೆ.